ಕಂದು ಶೀಶೆಯ ಒಳಗಿನ ಖಾಲಿ ಜಾಗ: ಕಿತ್ತಳೆ ಸುಗಂಧ ತೈಲ ಕೆಡುವ ಬಗೆ

ಪ್ರಶ್ನೆ: ಎರಡು ವರ್ಷದ ಹಿಂದೆ ಕೊಂಡ 10 ಮಿಲಿ ಕಿತ್ತಳೆ ಎಸೆನ್ಶಿಯಲ್ ಆಯಿಲ್‌ನಲ್ಲಿ ಇನ್ನೂ ಕಾಲು ಭಾಗ ಉಳಿದಿದೆ. ಕಂದು ಶೀಶೆ, ಕತ್ತಲೆ ಕಪಾಟು, ಬಿಗಿ ಮುಚ್ಚಳ. ಚೀಟಿಯಲ್ಲಿ ಬಾಳಿಕೆ ಮೂರು ವರ್ಷ ಎಂದಿದೆ. ಆದರೆ ವಾಸನೆ ಮೊದಲಿನಂತಿಲ್ಲ, ಶೀಶೆಯ ಬಾಯಿ ಅಂಟಂಟಾಗಿದೆ. ಇದನ್ನು ಮೈಗೆ ಹಚ್ಚುವ ಎಣ್ಣೆಗೆ ಬೆರೆಸಬಹುದೇ? ಕಂದು ಶೀಶೆಯಲ್ಲಿದ್ದರೂ ಕೆಡುತ್ತದೆಯೇ?

ಉತ್ತರ:

ಬೆರೆಸಬೇಡಿ. ನೀವು ಹೇಳಿರುವ ಎರಡು ಲಕ್ಷಣಗಳು, ಅಂದರೆ ಬದಲಾದ ವಾಸನೆ ಮತ್ತು ಬಾಯಿಯ ಅಂಟು, ಈ ತೈಲ ಗಾಳಿಯ ಆಮ್ಲಜನಕದೊಂದಿಗೆ ಸೇರಿ ಸಾಕಷ್ಟು ಮಾರ್ಪಟ್ಟಿದೆ ಎಂಬುದಕ್ಕೆ ಸಾಕು. ನಿಮ್ಮ ಕಂದು ಶೀಶೆ ತನ್ನ ಕೆಲಸವನ್ನು ಸರಿಯಾಗಿಯೇ ಮಾಡಿದೆ. ಆದರೆ ಅದು ತಡೆಯುವುದು ಬೆಳಕನ್ನು ಮಾತ್ರ. ಎರಡು ವರ್ಷಗಳಲ್ಲಿ ಪ್ರತಿ ಬಾರಿ ಮುಚ್ಚಳ ತೆರೆದಾಗಲೂ ಹೊಸ ಗಾಳಿ ಒಳಗೆ ಹೋಗಿದೆ, ತೈಲ ಕಡಿಮೆಯಾದಂತೆ ಆ ಗಾಳಿಗೆ ಜಾಗವೂ ಹೆಚ್ಚಿದೆ. ಚೀಟಿಯಲ್ಲಿರುವ ಮೂರು ವರ್ಷದ ಬಾಳಿಕೆ ಪೂರ್ತಿ ತೈಲವಿರುವ, ಸೀಲು ಒಡೆಯದ ಶೀಶೆಗೆ ಹೇಳಿದ ಮಾತು. ಕಾಲು ಭಾಗ ಉಳಿದ ಶೀಶೆಗೆ ಆ ಲೆಕ್ಕ ಹೊಂದುವುದಿಲ್ಲ.

ಇದು ಏಕೆ ಹೀಗೆ ಎಂದು ತಿಳಿಯಲು ಕಿತ್ತಳೆ ತೈಲದೊಳಗೆ ಏನಿದೆ ಎಂಬುದರಿಂದ ಆರಂಭಿಸಬೇಕು. ಹಣ್ಣಿನ ಸಿಪ್ಪೆಯನ್ನು ಒತ್ತಿ ತೆಗೆಯುವ ಈ ತೈಲದಲ್ಲಿ ನೂರಕ್ಕೆ 90ಕ್ಕೂ ಹೆಚ್ಚು ಪಾಲು ಲಿಮೊನೀನ್ ಎಂಬ ಒಂದೇ ವಸ್ತು ಇರುತ್ತದೆ. ಉಳಿದ ಅಲ್ಪ ಭಾಗದಲ್ಲಿರುವ ಆಲ್ಡಿಹೈಡ್‌ಗಳು ಕಿತ್ತಳೆಗೆ ಕಿತ್ತಳೆಯ ಗುರುತನ್ನು ಕೊಡುತ್ತವೆ, ಕ್ಯಾರೊಟಿನಾಯ್ಡ್ ವರ್ಣದ್ರವ್ಯಗಳು ಬಣ್ಣ ಕೊಡುತ್ತವೆ. ಲಿಮೊನೀನ್‌ನ ಅಣುವಿನಲ್ಲಿ ಎರಡು ಕಡೆ ಇಂಗಾಲದ ಜೋಡಿಬಂಧಗಳಿವೆ. ಆ ಜೋಡಿಬಂಧದ ಪಕ್ಕದ ಇಂಗಾಲಕ್ಕೆ ಅಂಟಿಕೊಂಡ ಹೈಡ್ರೋಜನ್ ಪರಮಾಣು ಸಡಿಲವಾಗಿರುತ್ತದೆ, ಸುಲಭವಾಗಿ ಕಿತ್ತುಬರುತ್ತದೆ. ಈ ತೈಲ ಬೇಗ ಕೆಡುವುದಕ್ಕೆ ಮೂಲ ಕಾರಣ ಅಲ್ಲಿದೆ.

ಬೆಳಕು, ಶಾಖ ಅಥವಾ ಲೋಹದ ಸೂಕ್ಷ್ಮ ಅಂಶ ಇವುಗಳಲ್ಲಿ ಯಾವುದೋ ಒಂದರ ಪ್ರಭಾವದಿಂದ ಆ ಹೈಡ್ರೋಜನ್ ಕಿತ್ತುಬಂದರೆ ಉಳಿದ ಅಣುವಿಗೆ ಒಂದು ಒಂಟಿ ಎಲೆಕ್ಟ್ರಾನ್ ಉಳಿಯುತ್ತದೆ. ಇಂತಹ ಅಣುವನ್ನು ಮುಕ್ತ ರಾಡಿಕಲ್ ಎನ್ನುತ್ತಾರೆ. ಅದು ತೈಲದಲ್ಲಿ ಕರಗಿರುವ ಆಮ್ಲಜನಕವನ್ನು ಕ್ಷಣಾರ್ಧದಲ್ಲಿ ಹಿಡಿದುಕೊಂಡು ಪೆರಾಕ್ಸಿ ರಾಡಿಕಲ್ ಆಗುತ್ತದೆ, ಆ ಪೆರಾಕ್ಸಿ ರಾಡಿಕಲ್ ಪಕ್ಕದ ಲಿಮೊನೀನ್ ಅಣುವಿನಿಂದ ಹೈಡ್ರೋಜನ್ ಕಿತ್ತುಕೊಂಡು ತಾನು ಹೈಡ್ರೋಪೆರಾಕ್ಸೈಡ್ ಆಗಿ ಶಾಂತವಾಗುತ್ತದೆ, ಆದರೆ ಹೈಡ್ರೋಜನ್ ಕಳೆದುಕೊಂಡ ಆ ಪಕ್ಕದ ಅಣು ಈಗ ಹೊಸ ರಾಡಿಕಲ್. ಒಂದರ ಬಾಲಕ್ಕೆ ಇನ್ನೊಂದು ಹೀಗೆ ಸಾಲು ಬೆಳೆಯುತ್ತ ಹೋಗುವುದರಿಂದ ಇದನ್ನು ಸರಪಳಿ ಕ್ರಿಯೆ ಎನ್ನುತ್ತಾರೆ.

ಕ್ರಿಯೆ ಇಷ್ಟಕ್ಕೇ ನಿಂತಿದ್ದರೆ ತೈಲ ನಿಧಾನವಾಗಿ, ಒಂದೇ ವೇಗದಲ್ಲಿ ಕೆಡುತ್ತಿತ್ತು. ಆದರೆ ಹೈಡ್ರೋಪೆರಾಕ್ಸೈಡ್‌ನಲ್ಲಿ ಎರಡು ಆಮ್ಲಜನಕಗಳ ನಡುವೆ ಇರುವ ಬಂಧ ಬಹಳ ದುರ್ಬಲ. ಶಾಖ ಅಥವಾ ಬೆಳಕು ತಾಗಿದರೆ ಅದು ಮುರಿದು ಒಂದರ ಜಾಗದಲ್ಲಿ ಎರಡು ರಾಡಿಕಲ್‌ಗಳು ಹುಟ್ಟುತ್ತವೆ, ಎರಡೂ ತಂತಮ್ಮ ಸರಪಳಿ ಆರಂಭಿಸುತ್ತವೆ. ಆದ್ದರಿಂದ ತೈಲದಲ್ಲಿ ಹೈಡ್ರೋಪೆರಾಕ್ಸೈಡ್ ಹೆಚ್ಚಿದಷ್ಟೂ ಮುಂದಿನ ಹೈಡ್ರೋಪೆರಾಕ್ಸೈಡ್ ಇನ್ನೂ ಬೇಗ ಹುಟ್ಟುತ್ತದೆ. ಪ್ರಯೋಗಾಲಯದಲ್ಲಿ ವಾರ ವಾರವೂ ಅಳತೆ ಮಾಡಿ ಗೆರೆ ಎಳೆದರೆ ಮೊದಲ ಕೆಲವು ವಾರ ಆ ಗೆರೆ ನೆಲಕ್ಕೆ ಅಂಟಿಕೊಂಡಂತೆ ಮಲಗಿರುತ್ತದೆ, ನಂತರ ಒಂದು ಹಂತದಲ್ಲಿ ಎದ್ದು ಕಡಿದಾಗಿ ಏರುತ್ತದೆ. ಮಲಗಿರುವ ಆ ಅವಧಿಯನ್ನು ನಾವು ಪೂರ್ವಾವಧಿ ಎಂದು ಕರೆಯುತ್ತೇವೆ. "ಮೊನ್ನೆ ಮೊನ್ನೆಯವರೆಗೂ ಚೆನ್ನಾಗಿತ್ತು, ಇದ್ದಕ್ಕಿದ್ದಂತೆ ಕೆಟ್ಟಿತು" ಎಂದು ಜನ ಹೇಳುವುದು ಕಲ್ಪನೆಯಲ್ಲ. ಆ ಗೆರೆ ನಿಜವಾಗಿಯೂ ಹಾಗೆಯೇ ಇರುತ್ತದೆ.

ಈಗ ಕಂದು ಗಾಜಿನ ವಿಷಯಕ್ಕೆ ಬರೋಣ. ಬೆಳಕಿನ ಅತಿನೇರಳೆ ಮತ್ತು ನೀಲಿ ಭಾಗಕ್ಕೆ ಹೈಡ್ರೋಪೆರಾಕ್ಸೈಡ್‌ನ ಬಂಧವನ್ನು ಮುರಿಯುವ ಅಥವಾ ತೈಲದಲ್ಲಿರುವ ವರ್ಣದ್ರವ್ಯಗಳನ್ನು ಕೆರಳಿಸಿ ಅವುಗಳ ಮೂಲಕ ಕ್ರಿಯೆ ಆರಂಭಿಸುವ ಶಕ್ತಿ ಇದೆ. ಕಬ್ಬಿಣ ಮತ್ತು ಗಂಧಕದ ಸಂಯುಕ್ತಗಳಿಂದ ಕಂದು ಬಣ್ಣ ಪಡೆದ ಗಾಜು ಈ ಭಾಗವನ್ನು ಹೀರಿಕೊಳ್ಳುತ್ತದೆ, ಹಳದಿ ಮತ್ತು ಕೆಂಪು ಭಾಗವನ್ನು ಮಾತ್ರ ಒಳಗೆ ಬಿಡುತ್ತದೆ. ಬೆಳಕು ತಾಗಬಾರದ ಔಷಧಿಗಳ ಶೀಶೆಯನ್ನು ಪರೀಕ್ಷಿಸುವಾಗ ಅಮೆರಿಕದ ಔಷಧ ಸಂಹಿತೆ 290ರಿಂದ 450 ನ್ಯಾನೋಮೀಟರ್ ತರಂಗಾಂತರದ ಬೆಳಕನ್ನೇ ನೋಡುತ್ತದೆ. ಹಾನಿ ಮಾಡುವ ಭಾಗ ಬಹುಮಟ್ಟಿಗೆ ಅದೇ. ಕಡು ನೀಲಿ ಗಾಜಿನ ಶೀಶೆ ಕಣ್ಣಿಗೆ ಎಷ್ಟೇ ಗಾಢವಾಗಿ ಕಂಡರೂ ಅದು ನೀಲಿ ಬೆಳಕನ್ನು ಒಳಗೆ ಬಿಡುವುದರಿಂದಲೇ ನೀಲಿಯಾಗಿ ಕಾಣುತ್ತದೆ. ತಡೆಯಬೇಕಾದ ಭಾಗಕ್ಕೇ ಅದು ಬಾಗಿಲು ತೆರೆದಿರುತ್ತದೆ. ಹಸಿರು ಗಾಜು ಇವೆರಡರ ನಡುವೆ ನಿಲ್ಲುತ್ತದೆ. ಬಣ್ಣವೆಲ್ಲ ಒಂದೇ, ಗಾಢವಾಗಿದ್ದರೆ ಸಾಕು ಎಂಬ ನಂಬಿಕೆ ತಪ್ಪು, ಆ ಕಾರಣಕ್ಕಾಗಿಯೇ ನಾನು ಕಂದು ಗಾಜನ್ನು ಬಿಟ್ಟು ಬೇರೆಯದನ್ನು ಯಾರಿಗೂ ಸೂಚಿಸುವುದಿಲ್ಲ.

ಬೆಳಕಿಗೆ ಇನ್ನೊಂದು ಕೆಲಸವೂ ಗೊತ್ತು, ಅದಕ್ಕೆ ಗಾಳಿಯ ಹಂಗೂ ಬೇಕಿಲ್ಲ. ಸೋಂಪಿನ ತೈಲದಲ್ಲಿರುವ ಅನೆಥೋಲ್ ಎಂಬ ವಸ್ತುವಿನ ಅಣು ಬೆಳಕು ತಾಗಿದಾಗ ತನ್ನ ಜೋಡಿಬಂಧದ ಸುತ್ತ ತಿರುಗಿ ಬೇರೊಂದು ರೂಪಕ್ಕೆ ಹೋಗುತ್ತದೆ. ಆ ರೂಪದ ವಾಸನೆಯೂ ಚೆನ್ನಾಗಿಲ್ಲ, ವಿಷಗುಣವೂ ಹೆಚ್ಚು. ಜರ್ಮನ್ ಕ್ಯಾಮೊಮೈಲ್ ತೈಲದ ಚಂದದ ನೀಲಿ ಬಣ್ಣ ಬೆಳಕು ಮತ್ತು ಗಾಳಿ ಸೇರಿದರೆ ಮೊದಲು ಹಸಿರಿಗೆ, ನಂತರ ಕಂದಿಗೆ ತಿರುಗುವುದನ್ನು ಬರಿಗಣ್ಣಿನಲ್ಲೇ ನೋಡಬಹುದು. ಇಂತಹ ತೈಲಗಳಿಗೆ ಕಂದು ಶೀಶೆ ಬಿಟ್ಟರೆ ಗತಿಯಿಲ್ಲ.

ಆದರೆ ನಿಮ್ಮ ಶೀಶೆ ಎರಡು ವರ್ಷ ಕತ್ತಲೆ ಕಪಾಟಿನಲ್ಲೇ ಇತ್ತು. ಅಲ್ಲಿ ಬೆಳಕು ಮಾಡಬಹುದಾದ ಹಾನಿ ಹೇಗೂ ಬಹಳ ಕಡಿಮೆ. ಕತ್ತಲೆಯಲ್ಲಿ ಕ್ರಿಯೆ ನಿಧಾನವಾಗುತ್ತದೆಯೇ ಹೊರತು ನಿಲ್ಲುವುದಿಲ್ಲ, ಏಕೆಂದರೆ ಒಮ್ಮೆ ಆರಂಭವಾದ ಸರಪಳಿಗೆ ಬೇಕಾದದ್ದು ಆಮ್ಲಜನಕ. ಹಾಗಾದರೆ ಶೀಶೆಯೊಳಗೆ ಎಷ್ಟು ಆಮ್ಲಜನಕ ಇತ್ತು ಎಂದು ಲೆಕ್ಕ ಹಾಕಿ ನೋಡೋಣ. ಈ ಲೆಕ್ಕ ಕಠಿಣವಲ್ಲ, ಇಡೀ ಪ್ರಶ್ನೆಯ ಬೀಗದ ಕೈ ಇಲ್ಲೇ ಇದೆ ಎಂಬುದು ನನ್ನ ಅಭಿಪ್ರಾಯ.

ಗಾಳಿಯಲ್ಲಿ ನೂರಕ್ಕೆ 21 ಪಾಲು ಆಮ್ಲಜನಕ. ಆದ್ದರಿಂದ 1 ಮಿಲಿ ಗಾಳಿಯಲ್ಲಿ 0.21 ಮಿಲಿ ಆಮ್ಲಜನಕ ಇರುತ್ತದೆ. ಅಣುಗಳ ಸಂಖ್ಯೆಯನ್ನು ಲೆಕ್ಕ ಹಾಕಲು ಮಿಲಿಮೋಲ್ ಎಂಬ ಮಾನ ಬಳಸುತ್ತಾರೆ. ಕೋಣೆಯ ಉಷ್ಣತೆಯಲ್ಲಿ ಒಂದು ಮಿಲಿಮೋಲ್ ಅನಿಲ ಸುಮಾರು 24.5 ಮಿಲಿ ಜಾಗ ಹಿಡಿಯುವುದರಿಂದ ಆ 0.21 ಮಿಲಿ ಎಂದರೆ ಸುಮಾರು 0.0086 ಮಿಲಿಮೋಲ್. ಒಂದು ಆಮ್ಲಜನಕ ಅಣುವಿನಿಂದ ಒಂದು ಹೈಡ್ರೋಪೆರಾಕ್ಸೈಡ್ ಅಣು ಹುಟ್ಟುತ್ತದೆ. ಶೀಶೆಯ ಒಳ ಅಳತೆ ಸರಿಯಾಗಿ 10 ಮಿಲಿ ಎಂದು ಇಟ್ಟುಕೊಳ್ಳೋಣ, ನಿಜವಾದ ಶೀಶೆಗಳಲ್ಲಿ ಕುತ್ತಿಗೆಯ ಜಾಗ ಸೇರಿ ಇನ್ನೂ ಸ್ವಲ್ಪ ಹೆಚ್ಚೇ ಇರುತ್ತದೆ.

9 ಮಿಲಿ ತೈಲ, 1 ಮಿಲಿ ಗಾಳಿ ಇರುವಾಗ ಆ ಗಾಳಿಯಲ್ಲಿನ ಆಮ್ಲಜನಕವೆಲ್ಲ ತೈಲಕ್ಕೆ ಸೇರಿದರೂ ಹೈಡ್ರೋಪೆರಾಕ್ಸೈಡ್ ಪ್ರಮಾಣ ಲೀಟರಿಗೆ ಸುಮಾರು 1 ಮಿಲಿಮೋಲ್ ಮಾತ್ರ. ಅರ್ಧ ಖಾಲಿಯಾದಾಗ, ಅಂದರೆ 5 ಮಿಲಿ ತೈಲದ ಮೇಲೆ 5 ಮಿಲಿ ಗಾಳಿ ಇರುವಾಗ, ಅದು ಲೀಟರಿಗೆ ಸುಮಾರು 8.6 ಮಿಲಿಮೋಲ್. ನಿಮ್ಮ ಶೀಶೆಯ ಈಗಿನ ಸ್ಥಿತಿಯಲ್ಲಿ 2.5 ಮಿಲಿ ತೈಲದ ಮೇಲೆ 7.5 ಮಿಲಿ ಗಾಳಿ ಇದೆ, ಅಲ್ಲಿ ಲೆಕ್ಕ ಲೀಟರಿಗೆ ಸುಮಾರು 26 ಮಿಲಿಮೋಲ್‌ಗೆ ಬರುತ್ತದೆ. ಗಮನಿಸಿ, ಇದು ಒಂದೇ ಒಂದು ಬಾರಿ ತುಂಬಿಕೊಂಡ ಗಾಳಿಯಿಂದ ಆಗಬಹುದಾದದ್ದು. ಮುಚ್ಚಳ ತೆರೆದಾಗಲೆಲ್ಲ ಹಳೆಯ ಗಾಳಿಯ ಒಂದಷ್ಟು ಭಾಗ ಹೊರಬಂದು ಹೊಸತು ಸೇರುತ್ತದೆ, ಲೆಕ್ಕ ಮತ್ತೆ ಮೊದಲಿನಿಂದ ಕೂಡುತ್ತ ಹೋಗುತ್ತದೆ.

ಈ ಅಂಕಿಗಳನ್ನು ಯಾವುದಕ್ಕೆ ಹೋಲಿಸಬೇಕು? ಅಂತರರಾಷ್ಟ್ರೀಯ ಸುಗಂಧ ದ್ರವ್ಯ ಸಂಘವಾದ ಇಫ್ರಾದ ಮಾನದಂಡದ ಪ್ರಕಾರ ಲಿಮೊನೀನ್ ಮತ್ತು ಅದು ಹೇರಳವಾಗಿರುವ ತೈಲಗಳನ್ನು ಬಳಸಬೇಕಾದರೆ ಪೆರಾಕ್ಸೈಡ್ ಪ್ರಮಾಣ ಲೀಟರಿಗೆ 20 ಮಿಲಿಮೋಲ್‌ಗಿಂತ ಕಡಿಮೆ ಇರಬೇಕು. ಯುರೋಪ್ ಒಕ್ಕೂಟದ ಸೌಂದರ್ಯವರ್ಧಕ ನಿಯಮವೂ ಲಿಮೊನೀನ್‌ಗೆ ಇದೇ ಮಿತಿಯನ್ನು ಹಾಕಿದೆ. ತುಂಬಿದ ಶೀಶೆಯ ಗಾಳಿಗೆ ಆ ಮಿತಿಯ ಹತ್ತಿರ ಸುಳಿಯುವಷ್ಟೂ ಸಾಮರ್ಥ್ಯವಿಲ್ಲ. ಕಾಲು ಭಾಗ ಉಳಿದ ಶೀಶೆಯ ಗಾಳಿಗೆ ಒಂದೇ ಸಲಕ್ಕೆ ಆ ಮಿತಿ ದಾಟಿಸುವಷ್ಟು ಸಾಮರ್ಥ್ಯವಿದೆ. ಅದೇ ತೈಲ, ಅದೇ ಕಂದು ಗಾಜು, ಅದೇ ಕಪಾಟು, ಆದರೆ ಒಳಗಿನ ಖಾಲಿ ಜಾಗ ಬೇರೆ.

ನನ್ನ ಲೆಕ್ಕ ಗರಿಷ್ಠ ಸಾಧ್ಯತೆಯದ್ದು ಎಂಬುದನ್ನು ಸ್ಪಷ್ಟಪಡಿಸಬೇಕು. ಒಳಗಿನ ಆಮ್ಲಜನಕ ಪೂರ್ತಿ ಮುಗಿಯಲು ಬಹಳ ಕಾಲ ಬೇಕು, ಹುಟ್ಟಿದ ಹೈಡ್ರೋಪೆರಾಕ್ಸೈಡ್ ಎಲ್ಲವೂ ಹಾಗೆಯೇ ಉಳಿಯುವುದೂ ಇಲ್ಲ, ಅದು ಒಡೆದು ಬೇರೆ ವಸ್ತುಗಳಾಗುತ್ತದೆ. ಆದ್ದರಿಂದ ನಿಮ್ಮ ತೈಲದಲ್ಲಿ ಇಂದು ಇಷ್ಟೇ ಇದೆ ಎಂದು ಈ ಲೆಕ್ಕದಿಂದ ಹೇಳಲಾಗದು. ಆದರೆ ಎರಡು ವರ್ಷಗಳ ಕಾಲಾವಧಿ, ಹತ್ತಾರು ಬಾರಿಯ ತೆರೆದು ಮುಚ್ಚುವಿಕೆ ಮತ್ತು ನೀವು ಕಂಡ ಲಕ್ಷಣಗಳನ್ನು ಕೂಡಿಸಿದರೆ ಅದು ಮಿತಿಯೊಳಗಿದೆ ಎಂದು ನಂಬಲು ನನಗೆ ಯಾವ ಆಧಾರವೂ ಕಾಣುವುದಿಲ್ಲ.

ಆ ಲಕ್ಷಣಗಳನ್ನು ಹತ್ತಿರದಿಂದ ನೋಡೋಣ. ಹೈಡ್ರೋಪೆರಾಕ್ಸೈಡ್ ಒಡೆದಾಗ ಹುಟ್ಟುವ ವಸ್ತುಗಳಲ್ಲಿ ಕಾರ್ವೋನ್, ಕಾರ್ವಿಯೋಲ್ ಮತ್ತು ಲಿಮೊನೀನ್ ಆಕ್ಸೈಡ್ ಮುಖ್ಯವಾದವು. ಕಾರ್ವೋನ್‌ಗೆ ಪುದೀನ ಮತ್ತು ಶಾಜೀರಿಗೆಗಳ ನಡುವಿನ ವಾಸನೆ ಇದೆ. ಹಾಗಾಗಿ ಹಳೆಯ ಕಿತ್ತಳೆ ತೈಲದ ಮುಚ್ಚಳ ತೆಗೆದಾಗ ಸಿಪ್ಪೆ ಸುಲಿದಾಗಿನ ಆ ಚುರುಕು ಬರುವುದಿಲ್ಲ, ಅದರ ಬದಲು ಮಂಕಾದ, ಸ್ವಲ್ಪ ಟರ್ಪೆಂಟೈನ್‌ನ ಘಾಟು ಬೆರೆತ, ಕೊನೆಯಲ್ಲಿ ಪುದೀನದ ಛಾಯೆ ಉಳಿಸುವ ವಾಸನೆ ಬರುತ್ತದೆ. ನಾನು ಗುಣಮಟ್ಟ ಪರೀಕ್ಷೆಯಲ್ಲಿ ಮೊದಲು ಮಾಡುವುದು ಬಿಳಿ ಹೀರುಕಾಗದದ ಎರಡು ಪಟ್ಟಿಗಳನ್ನು ತೆಗೆದುಕೊಂಡು, ಒಂದರ ತುದಿಗೆ ಹೊಸ ತೈಲ, ಇನ್ನೊಂದರ ತುದಿಗೆ ಅನುಮಾನದ ತೈಲ ಒಂದೊಂದು ಹನಿ ಹಾಕಿ ಪಕ್ಕಪಕ್ಕದಲ್ಲಿ ಇಡುವುದು. ಹೊಸ ಕಿತ್ತಳೆ ತೈಲದ ಬಹುಭಾಗ ಬೇಗ ಆರಿ ಹೋಗುತ್ತದೆ, ಮಾರನೆಯ ದಿನ ಆ ಪಟ್ಟಿಯನ್ನು ಮೂಗಿಗೆ ಹಿಡಿದರೆ ಸಿಗುವುದು ಅಲ್ಪ. ಉತ್ಕರ್ಷಣಗೊಂಡ ತೈಲದ ಪಟ್ಟಿಯಲ್ಲಿ ಮಾರನೆಯ ದಿನವೂ ಭಾರವಾದ ವಾಸನೆ ಕುಳಿತಿರುತ್ತದೆ, ಬೆರಳಿಟ್ಟರೆ ಅಂಟುತ್ತದೆ. ಆಮ್ಲಜನಕ ಸೇರಿದ ಅಣುಗಳು ಲಿಮೊನೀನ್‌ಗಿಂತ ನಿಧಾನವಾಗಿ ಆವಿಯಾಗುವುದು, ಜೊತೆಗೆ ಒಂದಕ್ಕೊಂದು ಕೂಡಿ ದೊಡ್ಡ ಅಣುಗಳಾಗಿ ಬೆಳೆಯುವುದು ಇದಕ್ಕೆ ಕಾರಣ.

ಶೀಶೆಯ ಬಾಯಿಯ ಅಂಟು ಕೂಡ ಅದೇ. ಹನಿ ಹಾಕಿದ ಮೇಲೆ ತಿರುಚು ಗೆರೆಗಳ ಮೇಲೆ ಉಳಿಯುವ ತೆಳು ಪದರಕ್ಕೆ ಎಲ್ಲ ಕಡೆಯಿಂದಲೂ ಗಾಳಿ ತಾಗುವುದರಿಂದ ಅದು ಒಳಗಿನ ತೈಲಕ್ಕಿಂತ ಎಷ್ಟೋ ಮುಂಚೆ ರಾಳದಂತಾಗುತ್ತದೆ. ಹಾಗಾಗಿ ಬಾಯಿಯ ಅಂಟು ಒಂದನ್ನೇ ನೋಡಿ ಒಳಗಿನದೂ ಕೆಟ್ಟಿದೆ ಎಂದು ತೀರ್ಮಾನಿಸುವುದು ಸರಿಯಲ್ಲ. ಆದರೆ ಆ ಅಂಟು ಮುಚ್ಚಳ ಪೂರ್ತಿ ಕೂರದಂತೆ ಮಾಡುತ್ತದೆ. ಬಿಗಿಯಾಗಿದೆ ಎಂದು ಕೈಗೆ ಅನಿಸಿದರೂ ಒಳಗಿನ ಪದರ ಗಾಜಿಗೆ ಸರಿಯಾಗಿ ಒತ್ತಿರುವುದಿಲ್ಲ. ನೀವು ಅಂಟು ಮತ್ತು ವಾಸನೆ ಎರಡನ್ನೂ ಹೇಳಿರುವುದರಿಂದ ನನಗೆ ಸಂದೇಹ ಉಳಿದಿಲ್ಲ. ಮತ್ತೊಂದು ಗುರುತು ಬಣ್ಣ. ಒತ್ತಿ ತೆಗೆದ ಕಿತ್ತಳೆ ತೈಲದ ಹಳದಿ-ಕಿತ್ತಳೆ ಬಣ್ಣ ಉತ್ಕರ್ಷಣದಿಂದ ಪೇಲವವಾಗುತ್ತದೆ, ಬಿಳಿ ತಟ್ಟೆಯ ಮೇಲೆ ಹನಿ ಹಾಕಿ ಹೊಸದರ ಜೊತೆ ಹೋಲಿಸಿದರೆ ಅದು ಕಾಣುತ್ತದೆ.

ಇಲ್ಲಿ ಒಂದು ಎಚ್ಚರಿಕೆ ಅತ್ಯಗತ್ಯ. ಚರ್ಮಕ್ಕೆ ಹೆಚ್ಚು ತೊಂದರೆ ಕೊಡುವ ಹೈಡ್ರೋಪೆರಾಕ್ಸೈಡ್‌ಗಳನ್ನು ಮೂಗು ಗುರುತಿಸುವುದಿಲ್ಲ. ನಮಗೆ ಸಿಗುವುದು ಅವು ಒಡೆದ ಮೇಲಿನ ವಸ್ತುಗಳ ವಾಸನೆ. ಆದ್ದರಿಂದ ವಾಸನೆ ಕೆಟ್ಟಿದ್ದರೆ ತೈಲ ಕೆಟ್ಟಿದೆ ಎಂದು ಧೈರ್ಯವಾಗಿ ಹೇಳಬಹುದು, ಆದರೆ ವಾಸನೆ ಚೆನ್ನಾಗಿದ್ದ ಮಾತ್ರಕ್ಕೆ ತೈಲ ಚೆನ್ನಾಗಿದೆ ಎಂದು ಹೇಳಲು ಬರುವುದಿಲ್ಲ. ಪ್ರಯೋಗಾಲಯದಲ್ಲಿ ಪೊಟ್ಯಾಸಿಯಂ ಅಯೋಡೈಡ್ ಸೇರಿಸಿ, ಪೆರಾಕ್ಸೈಡ್ ಬಿಡಿಸಿದ ಅಯೋಡಿನ್ ಎಷ್ಟು ಎಂದು ಥಯೋಸಲ್ಫೇಟ್ ದ್ರಾವಣದಿಂದ ಅಳೆಯುತ್ತಾರೆ. ಅದಕ್ಕೂ ಒಂದು ಮಿತಿ ಇದೆ: ತುಂಬ ಹಳೆಯ ತೈಲದಲ್ಲಿ ಹುಟ್ಟುವುದಕ್ಕಿಂತ ಒಡೆಯುವುದೇ ಹೆಚ್ಚಾಗಿ ಪೆರಾಕ್ಸೈಡ್ ಅಂಕಿ ಮತ್ತೆ ಇಳಿಯುತ್ತದೆ. ಕಡಿಮೆ ಅಂಕಿ ಎಂದರೆ ಹೊಸ ತೈಲ ಎಂದಾಗಬಹುದು, ಕೆಟ್ಟು ಮುಗಿದ ತೈಲ ಎಂದೂ ಆಗಬಹುದು. ಅದಕ್ಕಾಗಿ ಆ ಅಂಕಿಯ ಜೊತೆಗೆ, ತೈಲದ ಘಟಕಗಳನ್ನು ಬೇರ್ಪಡಿಸಿ ಅಳೆಯುವ ಗ್ಯಾಸ್ ಕ್ರೊಮಟೋಗ್ರಫಿಯಲ್ಲಿ ಕಾರ್ವೋನ್ ಎಷ್ಟಿದೆ ಎಂದೂ ನೋಡುವುದು ರೂಢಿ. ವರದಿ ಓದುವವರು ಅಳತೆಯ ಮಾನವನ್ನೂ ಗಮನಿಸಬೇಕು. ಕೆಲವು ವರದಿಗಳು ಮಿಲಿಮೋಲ್ ಬದಲು ಮಿಲಿಈಕ್ವಿವೆಲೆಂಟ್‌ನಲ್ಲಿ ಅಂಕಿ ಕೊಡುತ್ತವೆ, ಒಂದು ಮಿಲಿಮೋಲ್ ಪೆರಾಕ್ಸೈಡ್ ಎರಡು ಮಿಲಿಈಕ್ವಿವೆಲೆಂಟ್‌ಗೆ ಸಮ.

ಚರ್ಮದ ವಿಷಯ. ಶುದ್ಧ ಲಿಮೊನೀನ್‌ಗೆ ಇರುವ ಅಲರ್ಜಿ ಹುಟ್ಟಿಸುವ ಗುಣ ಬಹಳ ದುರ್ಬಲವಾದದ್ದು. ಅದರ ಹೈಡ್ರೋಪೆರಾಕ್ಸೈಡ್‌ಗಳು ಹಾಗಲ್ಲ. ಅವು ಚರ್ಮದ ಪ್ರೋಟೀನ್‌ಗಳಿಗೆ ಅಂಟಿಕೊಂಡು ದೇಹದ ರಕ್ಷಣಾ ವ್ಯವಸ್ಥೆಗೆ ಅವನ್ನು ಪರಕೀಯವಾಗಿ ತೋರಿಸುತ್ತವೆ. ಇದು ಹೊಸ ಸಂಗತಿಯೂ ಅಲ್ಲ. ಟರ್ಪೆಂಟೈನ್ ಬಳಸುತ್ತಿದ್ದ ಬಣ್ಣಗಾರರ ಕೈಗಳಲ್ಲಿ ಕಾಣಿಸಿಕೊಳ್ಳುತ್ತಿದ್ದ ಇಸುಬಿಗೆ ಅದರಲ್ಲಿನ ಕ್ಯಾರೀನ್ ಎಂಬ ವಸ್ತುವಿನ ಹೈಡ್ರೋಪೆರಾಕ್ಸೈಡ್‌ಗಳು ಕಾರಣ ಎಂದು ಬಹಳ ಹಿಂದೆಯೇ ಗೊತ್ತಾಗಿತ್ತು. ಇಂದು ಚರ್ಮರೋಗ ತಜ್ಞರು ಸುಗಂಧದ ಅಲರ್ಜಿಗೆ ಪಟ್ಟಿ ಪರೀಕ್ಷೆ ಮಾಡುವಾಗ ಲಿಮೊನೀನ್ ಮತ್ತು ಲ್ಯಾವೆಂಡರ್ ತೈಲದಲ್ಲಿರುವ ಲಿನಲೂಲ್‌ಗಳ ಹೈಡ್ರೋಪೆರಾಕ್ಸೈಡ್‌ಗಳನ್ನೇ ಬೇರೆಯಾಗಿ ಹಚ್ಚಿ ನೋಡುತ್ತಾರೆ, ಏಕೆಂದರೆ ಶುದ್ಧ ವಸ್ತುವನ್ನು ಹಚ್ಚಿದರೆ ಎಷ್ಟೋ ಅಲರ್ಜಿಗಳು ಸಿಕ್ಕುವುದೇ ಇಲ್ಲ.

ಮೈಗೆ ಹಚ್ಚುವ ಎಣ್ಣೆಗೆ ನೂರಕ್ಕೆ ಒಂದೋ ಎರಡೋ ಪಾಲು ಬೆರೆಸುವುದರಿಂದ ಪ್ರಮಾಣ ಐವತ್ತು, ನೂರು ಪಟ್ಟು ಇಳಿಯುತ್ತದಲ್ಲವೇ ಎಂದು ನೀವು ಕೇಳಬಹುದು. ಇಳಿಯುತ್ತದೆ, ನಿಜ. ಒಮ್ಮೆ ಹಚ್ಚಿಕೊಂಡ ಮಾತ್ರಕ್ಕೆ ಏನಾದರೂ ಆಗಿಯೇ ತೀರುತ್ತದೆ ಎಂದು ನಾನು ಹೆದರಿಸುವುದಿಲ್ಲ. ಆದರೆ ಇದು ತೊಳೆದು ಹೋಗುವ ವಸ್ತುವಲ್ಲ, ದಿನವೂ ಹಚ್ಚಿ ಗಂಟೆಗಟ್ಟಲೆ ಮೈಮೇಲೆ ಬಿಡುವಂಥದ್ದು. ಈ ಬಗೆಯ ಅಲರ್ಜಿ ಮೊದಲು ಸದ್ದಿಲ್ಲದೆ ಬೇರೂರುತ್ತದೆ, ಒಮ್ಮೆ ನೆಲೆಯಾದರೆ ಸಾಮಾನ್ಯವಾಗಿ ಬದುಕಿನುದ್ದಕ್ಕೂ ಉಳಿಯುತ್ತದೆ, ಆಮೇಲೆ ಆ ಸುಗಂಧ ಇರುವ ಸೋಪು, ಶಾಂಪೂ, ಪಾತ್ರೆ ತೊಳೆಯುವ ದ್ರವ ಎಲ್ಲವೂ ತೊಂದರೆಯೇ. ಜೊತೆಗೆ, ನೀವು ಬೆರೆಸುವ ಎಣ್ಣೆಯೂ ಉತ್ಕರ್ಷಣಗೊಳ್ಳಬಲ್ಲ ವಸ್ತುವೇ ಆಗಿದ್ದು, ಹಳೆಯ ತೈಲದಲ್ಲಿನ ಹೈಡ್ರೋಪೆರಾಕ್ಸೈಡ್‌ಗಳು ಅದರಲ್ಲೂ ಸರಪಳಿಯನ್ನು ಆರಂಭಿಸಿ ಬೇಗ ಕಮಟಾಗುವಂತೆ ಮಾಡುತ್ತವೆ. ಎರಡೂವರೆ ಮಿಲಿ ತೈಲವನ್ನು ಉಳಿಸಲು ಹೋಗಿ ಇಡೀ ಎಣ್ಣೆಯನ್ನು ಕೆಡಿಸಿದಂತಾಗುತ್ತದೆ.

ಇದೇ ಕಾರಣಕ್ಕೆ ಹಳೆಯ ಶೀಶೆಯಲ್ಲಿ ಉಳಿದದ್ದಕ್ಕೆ ಹೊಸ ತೈಲ ಸುರಿದು ತುಂಬಿಸಿಡುವ ಅಭ್ಯಾಸವನ್ನು ದಯವಿಟ್ಟು ಬಿಡಿ. ಖಾಲಿ ಜಾಗ ಕಡಿಮೆಯಾಯಿತು ಎಂಬ ಲಾಭ ಕಂಡರೂ ಹೊಸ ತೈಲಕ್ಕೆ ಸಹಜವಾಗಿ ಇರಬೇಕಾದ ಪೂರ್ವಾವಧಿ ಹೊರಟುಹೋಗುತ್ತದೆ. ಬೀಜ ಬಿತ್ತಿದ ಹೊಲದಂತೆ ಅದು ಮೊದಲ ದಿನದಿಂದಲೇ ಏರುವ ಗೆರೆಯ ಮೇಲೆ ಇರುತ್ತದೆ. ತೊಳೆಯದ ಶೀಶೆಯ ಗೋಡೆಗೆ ಅಂಟಿದ ಪದರವೂ ಅಷ್ಟೇ ಕೆಲಸ ಮಾಡಬಲ್ಲದು.

ಹಾಗಾದರೆ ಮುಂದಿನ ಶೀಶೆಯನ್ನು ಹೇಗೆ ಇಟ್ಟುಕೊಳ್ಳಬೇಕು? ಮೊದಲನೆಯದು, ಬೇಕಾದಷ್ಟೇ ಚಿಕ್ಕ ಶೀಶೆ ಕೊಳ್ಳಿ. ತೆರೆದ ದಿನಾಂಕವನ್ನು ಚೀಟಿಯ ಮೇಲೆ ಬರೆಯಿರಿ, ಕಿತ್ತಳೆ ಮತ್ತು ನಿಂಬೆಯಂಥ ತೈಲಗಳನ್ನು ಮೈಗೆ ಬಳಸುವುದಾದರೆ ತೆರೆದ ಒಂದು ವರ್ಷದೊಳಗೆ ಮುಗಿಸುವುದು ನಾನು ಪಾಲಿಸುವ ನಿಯಮ. ಅರ್ಧಕ್ಕೆ ಬಂದಾಗ, ಕಾಲಿಗೆ ಬರುವವರೆಗೆ ಕಾಯದೆ, 5 ಮಿಲಿಯ ಕಂದು ಶೀಶೆಗೆ ಕುತ್ತಿಗೆಯವರೆಗೆ ತುಂಬಿಸಿ. ಮೇಲಿನ ಲೆಕ್ಕವನ್ನು ಇದಕ್ಕೆ ಅನ್ವಯಿಸಿ ನೋಡಿ: 5 ಮಿಲಿ ತೈಲದ ಮೇಲೆ 5 ಮಿಲಿ ಗಾಳಿ ಇದ್ದದ್ದು ಅರ್ಧ ಮಿಲಿಗೆ ಇಳಿದರೆ, ಒಂದು ಸಲದ ಗಾಳಿಯಿಂದ ಆಗಬಹುದಾದ ಪೆರಾಕ್ಸೈಡ್ 8.6ರಿಂದ 0.86ಕ್ಕೆ, ಅಂದರೆ ಹತ್ತನೇ ಒಂದಕ್ಕೆ ಇಳಿಯುತ್ತದೆ. ಆ ಶೀಶೆ ಹೊಸದಾಗಿರಬೇಕು ಅಥವಾ ಸೋಪಿನಲ್ಲಿ ತೊಳೆದು ಒಂದು ಹನಿ ನೀರೂ ಉಳಿಯದಂತೆ ಒಣಗಿಸಿರಬೇಕು. ಅಗಲ ಬಾಯಿಗಿಂತ ಹನಿ ಹನಿಯಾಗಿ ಬೀಳಿಸುವ ಒಳಬಿರಡೆ ಇರುವ ಶೀಶೆ ಮೇಲು, ತೆರೆದಾಗ ಗಾಳಿಯ ವಿನಿಮಯ ಕಡಿಮೆಯಾಗುತ್ತದೆ. ರಬ್ಬರ್ ಬುರುಡೆಯ ಡ್ರಾಪರ್ ಹಾಕಿ ಇಡಬೇಡಿ. ತೈಲದ ಆವಿಗೆ ರಬ್ಬರ್ ಉಬ್ಬಿ ಮೆತ್ತಗಾಗುತ್ತದೆ, ಮುದ್ರೆ ಹೋಗುತ್ತದೆ, ರಬ್ಬರಿನ ಅಂಶ ತೈಲಕ್ಕೂ ಇಳಿಯುತ್ತದೆ. ಪ್ರತಿ ಬಾರಿ ಬಳಸಿದ ಮೇಲೆ ಬಾಯಿಯನ್ನು ಒಣ ಬಟ್ಟೆಯಿಂದ ಒರೆಸಿ ತಕ್ಷಣ ಮುಚ್ಚಿದರೆ ಆ ಅಂಟಿನ ತೊಂದರೆಯೇ ಬರುವುದಿಲ್ಲ.

ಉತ್ಕರ್ಷಣ ತಡೆಯಲು ಆಲ್ಫಾ ಟೋಕೋಫೆರಾಲ್, ಅಂದರೆ ವಿಟಮಿನ್ ಇ, ನೂರಕ್ಕೆ 0.1 ಪಾಲು ಸೇರಿಸುವ ಕ್ರಮ ಉದ್ಯಮದಲ್ಲಿದೆ. ಅದು ಪೆರಾಕ್ಸಿ ರಾಡಿಕಲ್‌ಗೆ ತಾನೇ ಹೈಡ್ರೋಜನ್ ಕೊಟ್ಟು ಸರಪಳಿಯನ್ನು ತುಂಡರಿಸುತ್ತದೆ. ಆದರೆ ಅದನ್ನು ತೈಲ ಹೊಸದಾಗಿರುವಾಗಲೇ ಸೇರಿಸಬೇಕು. ಆಗಲೇ ಹುಟ್ಟಿದ ಹೈಡ್ರೋಪೆರಾಕ್ಸೈಡನ್ನು ಅದು ಮರಳಿ ಲಿಮೊನೀನ್ ಮಾಡಲಾರದು. 10 ಮಿಲಿಗೆ ಬೇಕಾದದ್ದು ಒಂದು ಹನಿಗಿಂತ ಕಡಿಮೆ, ಆದ್ದರಿಂದ ಮನೆಯಲ್ಲಿ ಸಣ್ಣ ಶೀಶೆಗೆ ಅಳೆದು ಹಾಕುವುದು ಕಷ್ಟ. 100 ಮಿಲಿ ಒಟ್ಟಿಗೆ ಕೊಂಡು ಹಂಚಿಡುವವರಿಗೆ ಇದು ಉಪಯೋಗದ ಮಾತು.

ಎಲ್ಲ ತೈಲಗಳಿಗೂ ಇದೇ ಗಡುವು ಎಂದು ತಿಳಿಯಬೇಡಿ. ಟೀ ಟ್ರೀ ತೈಲದಲ್ಲಿ ಟರ್ಪಿನೀನ್‌ಗಳು ಹೈಡ್ರೋಜನ್ ಕಳೆದುಕೊಂಡು ಪ್ಯಾರಾ ಸೈಮೀನ್ ಆಗುತ್ತವೆ, ಅದು ಏರಿದ್ದೇ ಹಳೆತನದ ಗುರುತು, ಅದನ್ನೂ ಕಿತ್ತಳೆಯಷ್ಟೇ ಎಚ್ಚರಿಕೆಯಿಂದ ನೋಡಬೇಕು. ಲ್ಯಾವೆಂಡರ್‌ನ ಲಿನಲೂಲ್ ಸ್ವಲ್ಪ ನಿಧಾನ, ಆದರೂ ಅದೇ ದಾರಿ ಹಿಡಿಯುತ್ತದೆ. ಶ್ರೀಗಂಧ, ಲಾವಂಚ, ಪಚೋಲಿ ಇವುಗಳ ಅಣುಗಳು ದೊಡ್ಡವು, ಅಷ್ಟು ಸುಲಭವಾಗಿ ಆವಿಯಾಗುವುದಿಲ್ಲ, ಅವುಗಳಿಗೆ ವರ್ಷಗಳು ಕಳೆದಂತೆ ವಾಸನೆ ಮಾಗಿ ದುಂಡಗಾಗುತ್ತದೆ ಎಂದು ಸುಗಂಧಗಾರರು ಹಳೆಯದನ್ನೇ ಬಯಸುವುದುಂಟು.

ನಿಮ್ಮ ಬಳಿ ಈಗ ಇರುವ ಎರಡೂವರೆ ಮಿಲಿಯನ್ನು ಶೀಶೆಗಳ ಮೇಲಿನ ಚೀಟಿಯ ಗೋಂದು ಬಿಡಿಸಲು ಕೈಗವಸು ಹಾಕಿಕೊಂಡು ಬಳಸಬಹುದು, ಆ ಕೆಲಸಕ್ಕೆ ಅದು ಇನ್ನೂ ಸಮರ್ಥವಾಗಿದೆ. ಡಿಫ್ಯೂಸರ್‌ಗೆ ಹಾಕಿ ಮುಗಿಸುವುದನ್ನು ನಾನು ಒಪ್ಪುವುದಿಲ್ಲ, ಉಸಿರಾಟದ ದಾರಿಗೆ ಕೆರಳಿಕೆ ತರುವ ವಸ್ತುಗಳು ಅದರಲ್ಲಿ ಸೇರಿರುತ್ತವೆ. ಚರಂಡಿಗೂ ಸುರಿಯಬೇಡಿ, ಲಿಮೊನೀನ್ ಜಲಚರಗಳಿಗೆ ವಿಷ. ಹೊಸದನ್ನು ತಂದಾಗ ಫ್ರಿಜ್‌ನಲ್ಲಿ ಇಡುವುದು ಒಳ್ಳೆಯದು, ಉಷ್ಣತೆ 10 ಡಿಗ್ರಿ ಇಳಿದರೆ ಇಂತಹ ಕ್ರಿಯೆಗಳ ವೇಗ ಸ್ಥೂಲವಾಗಿ ಅರ್ಧವಾಗುತ್ತದೆ. ತಂಪಿನಲ್ಲಿ ಕಿತ್ತಳೆ ತೈಲದ ತಳದಲ್ಲಿ ಮಸುಕಾದ ಮೇಣ ಕೂತರೆ ಹೆದರಬೇಡಿ, ಅದು ಸಿಪ್ಪೆಯಿಂದ ಬಂದದ್ದು. ಹೊರಗೆ ತೆಗೆದ ಕೂಡಲೇ ಮುಚ್ಚಳ ತೆರೆಯದೆ ಶೀಶೆ ಕೋಣೆಯ ಉಷ್ಣತೆಗೆ ಬರುವವರೆಗೆ ಕಾಯಿರಿ, ಇಲ್ಲವಾದರೆ ತಣ್ಣನೆಯ ಗಾಜಿನ ಒಳಗೋಡೆಗೆ ಗಾಳಿಯ ತೇವ ಹನಿಗಟ್ಟಿ ತೈಲಕ್ಕೆ ನೀರು ಸೇರುತ್ತದೆ.